ಪುಟದ ಭಾರ ಹೊತ್ತ ನಂಬಿಕೆಗಳು

2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನೆ ನಡೆಯಿತು. ಸುಮಾರು 118 ಕಿಲೋಮೀಟರಿನ ಈ ರಸ್ತೆ ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬಳಸಿಕೊಂಡು ಹೊರಗಿನಿಂದಲೇ ಹೋಗುತ್ತದೆ. ಮದ್ದೂರಿನಲ್ಲಂತೂ ಊರಿನ ತಲೆಯ ಮೇಲೆ ಸೇತುವೆ ಕಟ್ಟಿ ದಾಟಿಸಿದ್ದಾರೆ. ಹಳೆಯ ರಸ್ತೆಯ ಪಕ್ಕದಲ್ಲಿ ವಡೆ, ಕಾಫಿ, ಎಳನೀರು, ಚನ್ನಪಟ್ಟಣದ ಬೊಂಬೆ ಮಾರುತ್ತಿದ್ದವರ ವ್ಯಾಪಾರಕ್ಕೆ ಏನಾಯಿತು ಎನ್ನುವುದನ್ನು ಆ ದಾರಿಯಲ್ಲಿ ಓಡಾಡಿದವರಿಗೆ ಹೇಳಬೇಕಾಗಿಲ್ಲ.

ಆ ಅಂಗಡಿಗಳವರಲ್ಲಿ ಬಹಳಷ್ಟು ಮಂದಿ ಮುಂದಾಲೋಚನೆ ಇಲ್ಲದವರೇನಲ್ಲ. ಮಗನಿಗೆ ಯಾವ ಅಂಗಡಿ ಬಿಡಬೇಕು, ಬ್ಯಾಂಕಿನ ಸಾಲ ಎಷ್ಟು ವರ್ಷಕ್ಕೆ ತೀರುತ್ತದೆ, ಮಹಡಿ ಯಾವಾಗ ಕಟ್ಟಬೇಕು ಎಂಬುದೆಲ್ಲ ಅವರ ಲೆಕ್ಕದಲ್ಲಿತ್ತು. ಆ ಲೆಕ್ಕಗಳ ಕೆಳಗೆ ಒಂದು ಸಂಗತಿ ಮಾತ್ರ ಯಾರೂ ಬರೆಯದೆ ಕೂತಿತ್ತು: ಬೆಂಗಳೂರಿನಿಂದ ಮೈಸೂರಿಗೆ ಹೋಗುವವರು ನಮ್ಮ ಊರೊಳಗೇ ಹಾಯಬೇಕು. ಎಷ್ಟೋ ದಶಕ ಅದು ನಿಜವಾಗಿತ್ತು. ಹಾಗಾಗಿ ಅದೂ ಒಂದು ನಂಬಿಕೆ, ಅದೂ ಒಂದು ದಿನ ಸುಳ್ಳಾಗಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಹೆದ್ದಾರಿಯ ಭೂಸ್ವಾಧೀನ ನಡೆದದ್ದು, ಕಂಬ ಎದ್ದದ್ದು, ಮೇಲ್ಸೇತುವೆಯ ತೊಲೆ ಕೂತದ್ದು ಎಲ್ಲವೂ ಕಣ್ಣೆದುರೇ ವರ್ಷಗಟ್ಟಲೆ ನಡೆಯಿತು. ಗುರುತು ಕಾಣುತ್ತಿತ್ತು. ಅದು ತಮ್ಮ ಯಾವ ಲೆಕ್ಕವನ್ನು ಕೆಡಿಸುತ್ತದೆ ಎಂದು ತೋರಿಸುವ ಕಾಗದ ಕೈಯಲ್ಲಿರಲಿಲ್ಲ.

ಹತ್ತು ವರ್ಷದ ಮುಂದಿನ ವೃತ್ತಿಜೀವನವನ್ನು ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ ಎಂಬ ಸಲಹೆಯನ್ನು ಈಗ ಕಾಲೇಜಿನ ಪ್ಲೇಸ್‌ಮೆಂಟ್ ಕೋಣೆಯಿಂದ ಹಿಡಿದು ಸ್ವಸಹಾಯ ಸಂಘದ ತರಬೇತಿಯವರೆಗೆ ಎಲ್ಲೆಡೆ ಕೊಡುತ್ತಾರೆ. ಅದರ ಜೊತೆಗೆ ಒಂದು ಕಥೆಯೂ ಬರುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ 1953ರ ವಿದ್ಯಾರ್ಥಿಗಳಲ್ಲಿ ಗುರಿ ಬರೆದಿಟ್ಟವರು ನೂರಕ್ಕೆ ಮೂವರಂತೆ, ಇಪ್ಪತ್ತು ವರ್ಷದ ಮೇಲೆ ಉಳಿದ ತೊಂಬತ್ತೇಳು ಮಂದಿಯ ಒಟ್ಟು ಆಸ್ತಿಗಿಂತ ಆ ಮೂವರ ಆಸ್ತಿಯೇ ಹೆಚ್ಚಾಗಿತ್ತಂತೆ. ಅಂಥ ಅಧ್ಯಯನ ನಡೆದೇ ಇಲ್ಲ. ಹುಡುಕಿಕೊಂಡು ಹೋದವರಿಗೆ ಯೇಲ್‌ನಲ್ಲಿ ಅದರ ಸುಳಿವೂ ಸಿಕ್ಕಲಿಲ್ಲ. ಹಾಗೆಂದು ಬರೆಯುವುದರಿಂದ ಲಾಭವೇ ಇಲ್ಲ ಎಂದಲ್ಲ. ಏನನ್ನು ಬರೆಯುತ್ತೇವೆ ಎನ್ನುವುದರ ಮೇಲೆ ಲಾಭವೋ ನಷ್ಟವೋ ತೀರ್ಮಾನವಾಗುತ್ತದೆ.

ನಷ್ಟವೂ ಆಗಬಹುದು ಎಂಬುದಕ್ಕೆ ಗಟ್ಟಿಯಾದ ಆಧಾರವಿದೆ. ಗ್ಯಾಬ್ರಿಯೆಲ್ ಓಟಿಂಗೆನ್ ಮತ್ತು ಡೋರಿಸ್ ಮೇಯರ್ ಎಂಬ ಮನೋವಿಜ್ಞಾನಿಗಳು ಜರ್ಮನಿಯಲ್ಲಿ ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದವರನ್ನು ಎರಡು ವರ್ಷ ಹಿಂಬಾಲಿಸಿದರು. ಅದರ ಫಲಿತಾಂಶ ಪ್ರಕಟವಾದದ್ದು 2002ರಲ್ಲಿ. ಒಳ್ಳೆಯ ಕೆಲಸ ಸಿಕ್ಕಿದ ಚಿತ್ರವನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ಬಿಡಿಸಿಕೊಂಡು ಸವಿದವರು ಕಡಿಮೆ ಅರ್ಜಿ ಹಾಕಿದ್ದರು. ಅವರಿಗೆ ಬಂದ ಕರೆಗಳೂ ಕಡಿಮೆ, ಸಂಬಳವೂ ಕಡಿಮೆ. ತಮ್ಮ ಅನುಭವ ನೋಡಿಕೊಂಡು ‘ನನಗೆ ಸಿಗುವ ಸಂಭವ ಹೆಚ್ಚು’ ಎಂದು ಅಂದಾಜು ಮಾಡಿದವರ ಸ್ಥಿತಿ ಇದಕ್ಕೆ ತಿರುಗುಮುರುಗು. ಸವಿಯುವುದರಲ್ಲೇ ಮನಸ್ಸಿಗೆ ಅರ್ಧ ತೃಪ್ತಿಯಾಗಿಬಿಡುತ್ತದೆ, ಕೈ ಮುಂದಾಗುವುದಿಲ್ಲ. ‘2035ರಲ್ಲಿ ನಾನು ಮಂಡ್ಯದ ಹೆಸರಾಂತ ಉದ್ಯಮಿ’ ಎಂದು ಬಣ್ಣ ಬಣ್ಣದಲ್ಲಿ ಬರೆದು ಗೋಡೆಗೆ ಅಂಟಿಸುವ ಪುಟ ಈ ಜಾತಿಯದು.

ಹಾಗಾದರೆ ಪುಟದಲ್ಲಿ ಇರಬೇಕಾದದ್ದೇನು? ಇದಕ್ಕೆ ನನಗೆ ಸಿಕ್ಕ ಒಳ್ಳೆಯ ಉತ್ತರ ವೃತ್ತಿ ಮಾರ್ಗದರ್ಶನದ ಪುಸ್ತಕದಲ್ಲಿಲ್ಲ, ಸೈನ್ಯದ ಯೋಜನೆಯಲ್ಲಿದೆ. ಶೀತಲ ಸಮರ ಮುಗಿಯುತ್ತಿದ್ದ ಹೊತ್ತಿನಲ್ಲಿ ಅಮೆರಿಕದ ಸೇನೆಗೆ ಒಂದು ಪೇಚು ಬಂತು. ಅದರ ದೀರ್ಘಾವಧಿ ಯೋಜನೆಗಳು ಸೋವಿಯತ್ ಒಕ್ಕೂಟ ಇದ್ದೇ ಇರುತ್ತದೆ ಎಂಬುದರ ಮೇಲೆ ನಿಂತಿದ್ದವು. ಆಗ ರ್‍ಯಾಂಡ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಜೇಮ್ಸ್ ಡ್ಯೂವರ್ ಮತ್ತು ಜೊತೆಗಾರರು ಒಂದು ಕ್ರಮ ರೂಪಿಸಿದರು. ಅದನ್ನು ಡ್ಯೂವರ್ 2002ರಲ್ಲಿ ಪುಸ್ತಕವಾಗಿಯೂ ಬರೆದರು. ಭವಿಷ್ಯ ಹೀಗಿರುತ್ತದೆ ಎಂದು ಊಹಿಸುವ ಗೋಜಿಗೆ ಆ ಕ್ರಮ ಹೋಗುವುದಿಲ್ಲ. ಯೋಜನೆಯನ್ನು ಎದುರಿಗಿಟ್ಟುಕೊಂಡು, ಇದು ನಿಂತಿರುವುದು ಯಾವ ನಂಬಿಕೆಗಳ ಮೇಲೆ ಎಂದು ಕೇಳುತ್ತದೆ. ಅವುಗಳಲ್ಲಿ ಭಾರ ಹೊತ್ತವು ಯಾವುವು, ಅಂದರೆ ಯಾವುದು ಸುಳ್ಳಾದರೆ ಯೋಜನೆಯೇ ಬದಲಾಗಬೇಕಾಗುತ್ತದೆ, ಅಂಥವುಗಳಲ್ಲಿ ಈ ಅವಧಿಯೊಳಗೆ ಮುರಿಯಬಹುದಾದದ್ದು ಯಾವುದು ಎಂದು ಬೇರ್ಪಡಿಸುತ್ತದೆ. ಮುರಿಯುತ್ತಿದೆ ಎಂದು ಮೊದಲೇ ತಿಳಿಯಲು ಒಂದು ಗುರುತು, ಮುರಿಯದಂತೆ ನಾವೇ ಮಾಡಬಹುದಾದ ಒಂದು ಕೆಲಸ, ಮುರಿದರೂ ಮುಳುಗದಂತೆ ಇನ್ನೊಂದು ಕೆಲಸ ಇಷ್ಟನ್ನು ಪ್ರತಿಯೊಂದರ ಮುಂದೆ ಬರೆಸುತ್ತದೆ.

ಇದನ್ನು ಒಬ್ಬ ವ್ಯಕ್ತಿಯ ಒಂದು ಪುಟಕ್ಕೆ ಇಳಿಸಿ ನೋಡೋಣ. ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ಮಂಡ್ಯದ ವಿ.ಸಿ. ಫಾರಂನ ಕೃಷಿ ಕಾಲೇಜಿನಲ್ಲಿ ಓದು ಮುಗಿಸಿದ ಇಪ್ಪತ್ನಾಲ್ಕರ ಹುಡುಗಿ. ಹುಡುಗಿ ನನ್ನ ಕಲ್ಪನೆಯವಳು, ಅವಳ ಪುಟದ ಗಿರಾಕಿಗಳೂ ರೇಟುಗಳೂ ಲೆಕ್ಕ ಮಾಡಿ ತೋರಿಸಲು ನಾನು ಹಿಡಿದುಕೊಂಡವು. ನೀರು, ಕಾರ್ಖಾನೆ, ಕಬ್ಬು ಮಾತ್ರ ಅಲ್ಲಿಯವೇ. 2022ರ ಜೂನ್‌ನಲ್ಲಿ ಅವಳು ಬರೆದ ಪುಟ ಹೀಗಿದೆ ಎಂದುಕೊಳ್ಳಿ:

‘2032ರ ಜೂನ್‌ಗೆ ನಾನು ನಮ್ಮ ಊರಲ್ಲೇ ಕಬ್ಬಿನ ಸಸಿಗಳ ನರ್ಸರಿ ನಡೆಸುತ್ತಿರುತ್ತೇನೆ. ವರ್ಷಕ್ಕೆ 8 ಲಕ್ಷ ಒಂಟಿಕಣ್ಣಿನ ಸಸಿ. ಸಸಿಗೆ 60 ಪೈಸೆ ಉಳಿದರೆ ವರ್ಷಕ್ಕೆ 4 ಲಕ್ಷ 80 ಸಾವಿರ, ತಿಂಗಳಿಗೆ 40 ಸಾವಿರ. ರೋಗವಿಲ್ಲದ, ತಳಿ ಬೆರಕೆಯಾಗದ ಸಸಿ ಬೇಕೆಂದರೆ ನನ್ನ ಹತ್ತಿರ ಬರಬೇಕು ಎಂದು ಮಳವಳ್ಳಿ, ಮದ್ದೂರು, ಮಂಡ್ಯ ತಾಲ್ಲೂಕಿನವರು ಹೇಳಬೇಕು. ಬೆಂಗಳೂರಿನ ಬೆಳೆ ಔಷಧಿ ಕಂಪನಿಯ ಮಾರಾಟದ ಕೆಲಸಕ್ಕೆ ಹೋಗುವುದಿಲ್ಲ.

ಇದು ನಿಲ್ಲಬೇಕಾದರೆ: ಹತ್ತರಲ್ಲಿ ಎಂಟು ವರ್ಷವಾದರೂ ನಾಲೆಗೆ ಕಬ್ಬಿಗಾಗುವಷ್ಟು ನೀರು ಬರಬೇಕು. ಸುತ್ತಲಿನ ಕಾರ್ಖಾನೆಗಳು ಕಬ್ಬು ಅರೆಯುತ್ತಿರಬೇಕು. ರೈತರು ಮೂರು ವರ್ಷಕ್ಕೊಮ್ಮೆ ಹೊಸ ಸಸಿ ನೆಡಬೇಕು. ಅಪ್ಪನ ಹೆಸರಿನ ಹಿತ್ತಲ ಹತ್ತು ಗುಂಟೆ, ಬೀಜದ ಕಬ್ಬಿನ ಎರಡು ಎಕರೆ ನನ್ನ ಕೈಲಿರಬೇಕು. ನನಗೆ ಈ ಕೆಲಸ ಇನ್ನೂ ಬೇಕೆನಿಸಬೇಕು.’

ಮೊದಲ ಭಾಗ ಆಸೆ, ಎರಡನೆಯ ಭಾಗ ಆ ಆಸೆಯ ತಳ. ಸಾಮಾನ್ಯವಾಗಿ ಜನ ಮೊದಲ ಭಾಗ ಬರೆದು ಪೆನ್ನು ಮುಚ್ಚುತ್ತಾರೆ. ಎರಡನೆಯದನ್ನು ಬರೆಯುವುದು ಕಷ್ಟ, ಏಕೆಂದರೆ ಭಾರ ಹೊತ್ತ ನಂಬಿಕೆ ತಾನಾಗಿ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಹೊರಗೆಳೆಯುವ ಒಂದು ದಾರಿ ಅಂಕಿ. ಈ ಪುಟದ ಮೂರನೆಯ ನಂಬಿಕೆ ಹಾಗೆಯೇ ಸಿಕ್ಕಿತು. ‘ಎಂಟು ಲಕ್ಷ ಸಸೀನ ಯಾರವ್ವ ತಗಳ್ಳೋರು?’ ಎಂದು ಅಪ್ಪ ಕೇಳಿದಾಗ ಅವಳು ಕೂತು ಲೆಕ್ಕ ಹಾಕಿದಳು. ಸಾಲಿನಿಂದ ಸಾಲಿಗೆ ಐದು ಅಡಿ, ಸಸಿಯಿಂದ ಸಸಿಗೆ ಎರಡು ಅಡಿ ಬಿಟ್ಟರೆ ಒಂದು ಸಸಿಗೆ ಹತ್ತು ಚದರಡಿ. ಎಕರೆ ಎಂದರೆ 43,560 ಚದರಡಿ, ಅಂದರೆ 4,356 ಸಸಿ. ಸತ್ತುಹೋದ ಕಡೆ ತುಂಬಲು ಒಂದಿಷ್ಟು ಸೇರಿಸಿ 4,500 ಎನ್ನೋಣ. ಎಂಟು ಲಕ್ಷ ಸಸಿ ಹೋಗಬೇಕಾದರೆ ವರ್ಷಕ್ಕೆ ಸುಮಾರು 178 ಎಕರೆ ಹೊಸ ನಾಟಿಯಾಗಬೇಕು.

ಆದರೆ ಕಬ್ಬನ್ನು ಪ್ರತಿ ವರ್ಷ ನೆಡುವುದಿಲ್ಲ. ಮೊದಲ ಬೆಳೆ ಕಡಿದ ಮೇಲೆ ಬುಡದಿಂದ ಚಿಗುರಿದ್ದನ್ನು ಕೂಳೆ ಬೆಳೆಯಾಗಿ ಬಿಟ್ಟುಕೊಳ್ಳುತ್ತಾರೆ. ಒಂದು ನಾಟಿ, ಎರಡು ಕೂಳೆ ಎಂದರೆ ಮೂರು ವರ್ಷಕ್ಕೊಮ್ಮೆ ಹೊಸ ಸಸಿ. ಆಗ ಅವಳ ಗಿರಾಕಿಗಳ ಬಳಿ ಒಟ್ಟು 534 ಎಕರೆ ಕಬ್ಬಿನ ಗದ್ದೆ ಇರಬೇಕು. ರೈತರು ನಾಲ್ಕನೇ ಕೂಳೆಯವರೆಗೂ ಎಳೆದರೆ? ಐದು ವರ್ಷಕ್ಕೊಮ್ಮೆ ನಾಟಿ, 890 ಎಕರೆ ಬೇಕು. ನೀರು ಬರಲಿ, ಕಾರ್ಖಾನೆ ಓಡಲಿ, ಕಬ್ಬು ಎದೆಯೆತ್ತರ ನಿಂತಿರಲಿ, ಜಿಲ್ಲೆಯೆಲ್ಲ ಹಸಿರಾಗಿದ್ದರೂ ಅವಳ ನರ್ಸರಿ ಮುಚ್ಚಬಹುದು. ಈ ಸಂಗತಿ ಆಸೆಯ ಭಾಗದಲ್ಲಿ ಎಲ್ಲೂ ಕಾಣುವುದಿಲ್ಲ.

ಇನ್ನೊಂದು ದಾರಿ ಊರಿನ ಹಿಂದಿನ ಹತ್ತಿಪ್ಪತ್ತು ವರ್ಷ ನೋಡುವುದು. ತಮ್ಮ ಯೋಜನೆಯ ಒಳಗೇ ಕೂತು ಅಂದಾಜು ಮಾಡುವವರು ಎಲ್ಲ ಸರಿಯಾಗಿ ನಡೆಯುವ ವರ್ಷವನ್ನೇ ಕಲ್ಪಿಸಿಕೊಳ್ಳುತ್ತಾರೆ ಎಂದು ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವೆರ್‌ಸ್ಕಿ 1979ರಲ್ಲಿಯೇ ತೋರಿಸಿದ್ದರು. ಅದಕ್ಕೆ ಅವರು ಹೇಳಿದ ಮದ್ದು, ಇಂಥ ಸಂದರ್ಭಗಳಲ್ಲಿ ಹಿಂದೆ ಎಷ್ಟು ಸಲ ಏನಾಯಿತು ಎಂದು ಮೊದಲು ಎಣಿಸುವುದು. ಮಂಡ್ಯದಲ್ಲಿ ಎಣಿಸುವುದು ಸುಲಭ. 2002, 2003, 2012, 2016: ಇವೆಲ್ಲ ಕಾವೇರಿ ನೀರಿಗೆ ತತ್ವಾರವಾಗಿ ಜನ ಬೀದಿಗಿಳಿದ ಅಥವಾ ಗದ್ದೆ ಒಣಗಿದ ವರ್ಷಗಳು. 2002ರಿಂದ ಅವಳು ಪುಟ ಬರೆಯುವವರೆಗಿನ ಇಪ್ಪತ್ತು ವರ್ಷದಲ್ಲಿ ನಾಲ್ಕು. ಹಾಗಾಗಿ ಮಂಡ್ಯ ಜಿಲ್ಲೆಯಲ್ಲಿ ಕೂತು ಬರೆದ ಯಾವುದೇ ಹತ್ತು ವರ್ಷದ ಪುಟದಲ್ಲಿ ಎರಡು ಕೆಟ್ಟ ವರ್ಷ ಮೊದಲೇ ಇರಬೇಕು. ಅವಳು ‘ಹತ್ತರಲ್ಲಿ ಎಂಟು’ ಎಂದು ಬರೆದದ್ದು ಇದಕ್ಕೇ. ಕಾರ್ಖಾನೆಯದೂ ಅಷ್ಟೆ. 1933ರಲ್ಲಿ ಹುಟ್ಟಿದ ಮೈಷುಗರ್ ಮಂಡ್ಯದ ಗುರುತೇ ಆಗಿತ್ತು. ಅದು ಹಲವು ಹಂಗಾಮು ನಿಂತು 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ಒಂದೇ ಕಾರ್ಖಾನೆಯನ್ನು ನಂಬಿ ಪುಟ ಬರೆದರೆ ಅದು ದುರ್ಬಲ. ಕೆ.ಎಂ. ದೊಡ್ಡಿ, ಕೊಪ್ಪಗಳ ಕಾರ್ಖಾನೆಗಳೂ ಬೆಲ್ಲದ ಆಲೆಮನೆಗಳೂ ಕೈಗೆಟುಕುವಷ್ಟು ಹತ್ತಿರ ಇರುವುದರಿಂದ ‘ಯಾವುದಾದರೊಂದು ನಡೆಯುತ್ತಿರುತ್ತದೆ’ ಎನ್ನುವ ನಂಬಿಕೆ ಅದಕ್ಕಿಂತ ಗಟ್ಟಿ.

ಐದನೆಯ ನಂಬಿಕೆ ತನ್ನ ಬಗ್ಗೆಯೇ. ಇದನ್ನು ಬರೆಯಿರಿ ಎಂದರೆ ಜನ ನಗುತ್ತಾರೆ, ನನಗೆ ಇಷ್ಟವಾದದ್ದು ನನಗೆ ಗೊತ್ತಿಲ್ಲವೇ ಎಂದು. 2013ರಲ್ಲಿ ಜೋರ್ಡಿ ಕ್ವಾಡ್‌ಬ್ಯಾಕ್, ಡೇನಿಯಲ್ ಗಿಲ್ಬರ್ಟ್ ಮತ್ತು ತಿಮೋತಿ ವಿಲ್ಸನ್ ಪ್ರಕಟಿಸಿದ ಅಧ್ಯಯನದಲ್ಲಿ 18ರಿಂದ 68 ವಯಸ್ಸಿನ 19,000ಕ್ಕೂ ಹೆಚ್ಚು ಜನರಿದ್ದರು. ಕಳೆದ ಹತ್ತು ವರ್ಷದಲ್ಲಿ ನಿಮ್ಮ ಸ್ವಭಾವ, ಮೌಲ್ಯ, ಇಷ್ಟಗಳು ಎಷ್ಟು ಬದಲಾದವು ಎಂದು ಕೆಲವರನ್ನು, ಮುಂದಿನ ಹತ್ತು ವರ್ಷದಲ್ಲಿ ಎಷ್ಟು ಬದಲಾಗಬಹುದು ಎಂದು ಉಳಿದವರನ್ನು ಕೇಳಿದರು. ಯಾವ ವಯಸ್ಸಿನವರಾದರೂ ‘ಹಿಂದೆ ಬಹಳ ಬದಲಾಗಿದ್ದೇನೆ, ಇನ್ನು ಮುಂದೆ ಅಷ್ಟಿಲ್ಲ’ ಎನ್ನುವ ಧಾಟಿಯಲ್ಲೇ ಉತ್ತರಿಸಿದರು. ಇಪ್ಪತ್ತೆಂಟರವರು ಮುಂದೆ ಆಗಬಹುದೆಂದು ಹೇಳಿದ ಬದಲಾವಣೆಗಿಂತ, ಮೂವತ್ತೆಂಟರವರು ತಮಗೆ ಆಗಿದೆ ಎಂದು ಹೇಳಿದ ಬದಲಾವಣೆ ಹೆಚ್ಚು. ಈಗ ಮೆಚ್ಚಿದ ಗಾಯಕರ ಕಛೇರಿಯನ್ನು ಹತ್ತು ವರ್ಷದ ಮೇಲೆ ಕೇಳಲು ಸರಾಸರಿ 129 ಡಾಲರ್ ಕೊಡಲು ಒಪ್ಪಿದರು. ಹತ್ತು ವರ್ಷದ ಹಿಂದೆ ಮೆಚ್ಚಿದ್ದವರ ಕಛೇರಿಯನ್ನು ಈಗ ಕೇಳಲು ಒಪ್ಪಿದ್ದು 80 ಡಾಲರ್. ಹಾಗಿದ್ದಮೇಲೆ ‘ಔಷಧಿ ಕಂಪನಿಯ ಕೆಲಸಕ್ಕೆ ಹೋಗುವುದಿಲ್ಲ’ ಎಂಬ ಇಪ್ಪತ್ನಾಲ್ಕರ ಶಪಥವನ್ನು ಮೂವತ್ನಾಲ್ಕರವರೆಗೆ ಹೊರುವುದು ಅಷ್ಟು ಖಚಿತವಲ್ಲ.

ನಂಬಿಕೆ ಬರೆದ ಮೇಲೆ ಗುರುತು. ಗುರುತಿಗೆ ಮೂರು ಗುಣ ಬೇಕು: ಅಳೆಯಲು ಬರಬೇಕು, ನೋಡುವ ದಿನ ಗೊತ್ತಿರಬೇಕು, ಯಾವ ಅಂಕಿಗೆ ಏನು ಮಾಡುತ್ತೇನೆ ಎಂದು ಮುಂಚೆಯೇ ಬರೆದಿರಬೇಕು. ‘ನೀರಿನ ಪರಿಸ್ಥಿತಿ ಗಮನಿಸುವುದು’ ಎಂದು ಬರೆದರೆ ಪ್ರಯೋಜನವಿಲ್ಲ. ಅವಳು ಬರೆದದ್ದು: ಆಗಸ್ಟ್ 31ಕ್ಕೆ ಕೆಆರ್‌ಎಸ್ ಮಟ್ಟ 110 ಅಡಿಗಿಂತ ಕಡಿಮೆ ಇದ್ದರೆ ಆ ವರ್ಷ ಅರ್ಧದಷ್ಟೇ ಸಸಿ ಹಾಕುವುದು, ಸತತ ಎರಡು ವರ್ಷ ಹಾಗಾದರೆ ಪುಟವನ್ನೇ ತೆಗೆದು ತಿದ್ದುವುದು. ಕೆಆರ್‌ಎಸ್ ಮಟ್ಟ ದಿನಾ ಪತ್ರಿಕೆಯಲ್ಲಿ ಬರುತ್ತದೆ, ತುಂಬಿದರೆ 124.80 ಅಡಿ. ಕೂಳೆಯ ನಂಬಿಕೆಗೆ ಯಾರೂ ಅಂಕಿ ಕೊಡುವುದಿಲ್ಲ, ಅದನ್ನು ತಾನೇ ಹುಟ್ಟಿಸಿಕೊಳ್ಳಬೇಕು. ಸಂಕ್ರಾಂತಿ ಕಳೆದ ವಾರ ಮೂವತ್ತು ಗಿರಾಕಿಗಳಿಗೆ ಫೋನು ಮಾಡಿ ಗದ್ದೆಯಲ್ಲಿರುವುದು ಎಷ್ಟನೇ ಕೂಳೆ ಎಂದು ಕೇಳುವುದು, ಅರ್ಧಕ್ಕಿಂತ ಹೆಚ್ಚು ಮಂದಿ ಮೂರನೇ ಕೂಳೆ ದಾಟಿದ್ದರೆ ಪುಟ ತೆಗೆಯುವುದು.

ಅಂಕಿಯನ್ನು ಮುಂಚೆಯೇ ಏಕೆ ಬರೆದಿಡಬೇಕು? ನೆನಪು ಮೋಸ ಮಾಡುತ್ತದೆ ಎಂಬ ಕಾರಣಕ್ಕೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ಸೋವಿಯತ್ ಒಕ್ಕೂಟಕ್ಕೆ ಹೋಗುವ ಮುನ್ನ ಬರೂಕ್ ಫಿಶ್‌ಹಾಫ್ ಮತ್ತು ರೂತ್ ಬೆಯ್ತ್ ಇಸ್ರೇಲಿನ ವಿದ್ಯಾರ್ಥಿಗಳಿಂದ ಏನೇನು ಆಗಬಹುದು ಎಂಬ ಸಂಭವಾಂಕ ಬರೆಸಿಕೊಂಡಿದ್ದರು. ಭೇಟಿ ಮುಗಿದ ಮೇಲೆ, ನೀವು ಆಗ ಎಷ್ಟು ಬರೆದಿದ್ದಿರಿ ಎಂದು ನೆನಪಿನಿಂದ ಹೇಳಿಸಿದರು. ನಡೆದುಹೋದ ಸಂಗತಿಗಳಿಗೆ ತಾವು ಹೆಚ್ಚು ಅಂಕ ಕೊಟ್ಟಿದ್ದೆವು ಎಂದೇ ಹೆಚ್ಚಿನವರು ಹೇಳಿದರು. ‘ನಾನು ಆಗಲೇ ಹೇಳಿದ್ದೆ’ ಎನ್ನುವ ನಮ್ಮ ಜಗಲಿಕಟ್ಟೆಯ ಮಾತಿನ ಪ್ರಯೋಗಶಾಲೆಯ ರೂಪ ಇದು. ಹೀಗಾದರೆ ಯಾವ ನಂಬಿಕೆ ಮುರಿಯಿತು ಎಂಬುದೇ ತಿಳಿಯದು, ಏಕೆಂದರೆ ಮುರಿದ ಕೂಡಲೇ ಅದನ್ನು ನಾವು ಎಂದೂ ನಂಬಿರಲಿಲ್ಲ ಅನ್ನಿಸತೊಡಗುತ್ತದೆ. ಆದ್ದರಿಂದ ಪುಟಕ್ಕೆ ತಾರೀಖು ಇರಬೇಕು, ತಿದ್ದುವಾಗ ಹಳೆಯದರ ಮೇಲೆ ಗೀಚದೆ ಹೊಸ ಹಾಳೆ ತೆಗೆದುಕೊಳ್ಳಬೇಕು.

ಇನ್ನು ಮುರಿದರೂ ಮುಳುಗದಂತೆ ಮಾಡುವ ಕೆಲಸ. ಇದಕ್ಕೆ ಕನ್ನಂಬಾಡಿ ಕಟ್ಟೆಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಮೈಸೂರು ಸಂಸ್ಥಾನ 41.5 ಟಿಎಂಸಿಯ ಜಲಾಶಯ ಬಯಸಿತ್ತು. ಮದರಾಸು ಸರ್ಕಾರ ಒಪ್ಪದೆ 11 ಟಿಎಂಸಿಗೆ ಮಾತ್ರ ಅನುಮತಿ ಸಿಕ್ಕಿತು. 1911ರಲ್ಲಿ ಕೆಲಸ ಶುರುವಾದಾಗ ತಳಪಾಯವನ್ನು ಮಾತ್ರ ದೊಡ್ಡ ಕಟ್ಟೆಗೇ ಸರಿಹೋಗುವಂತೆ ಅಗಲವಾಗಿ ಹಾಕಿದರು. ಅನುಮತಿ ಮುಂದೆ ಸಿಗಲಿ ಬಿಡಲಿ, ಸಣ್ಣ ಕಟ್ಟೆಗೆ ಅದರಿಂದ ಕೆಡುಕಿಲ್ಲ. ಸಿಕ್ಕಿದರೆ ತಳ ಅಗೆದು ಮತ್ತೆ ಕಟ್ಟುವಂತಿಲ್ಲ. ಬೆಲೆಯೇನೂ ತೆರಲಿಲ್ಲ ಎಂದಲ್ಲ: ಹೆಚ್ಚಿನ ಕಲ್ಲು ಗಾರೆ ಬೇಕಾಯಿತು, ಮದರಾಸಿನ ತಕರಾರು ಎದ್ದು 1914ರಲ್ಲಿ ಗ್ರಿಫಿನ್ ಪಂಚಾಯ್ತಿ ತೀರ್ಪಿನವರೆಗೆ ಹೋಯಿತು, ಎಲ್ಲವೂ ಇತ್ಯರ್ಥವಾದದ್ದು 1924ರ ಒಪ್ಪಂದದಲ್ಲಿ. ಅಷ್ಟರಲ್ಲಿ ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟು ವರ್ಷಗಳಾಗಿದ್ದವು. ಯಾವ ಭಾಗವನ್ನು ಆಮೇಲೆ ಬದಲಿಸಲು ಆಗುವುದಿಲ್ಲವೋ ಅದನ್ನು ಮಾತ್ರ ಅಗಲವಾಗಿ ಹಾಕಬೇಕು, ಉಳಿದದ್ದನ್ನು ಈಗ ಬೇಕಾದಷ್ಟಕ್ಕೇ ಕಟ್ಟಬೇಕು ಎಂಬ ಲೆಕ್ಕ ಇದರಲ್ಲಿದೆ.

ನರ್ಸರಿಯ ಹುಡುಗಿಗೆ ತಳಪಾಯ ಎಂದರೆ ನೆರಳು ಪರದೆಯ ಮನೆ ಮತ್ತು ನೀರಿನ ಏರ್ಪಾಡು. ಸಾಲ ಮಾಡಿ ಹಾಕುವ ಹಣದಲ್ಲಿ ಹೆಚ್ಚಿನದು ಅಲ್ಲೇ ಹೋಗುತ್ತದೆ. ತಟ್ಟೆಗಳು, ತೆಂಗಿನ ನಾರಿನ ಪುಡಿ, ಕಣ್ಣು ಕತ್ತರಿಸುವ ಯಂತ್ರ ಇವೆಲ್ಲ ಬದಲಿಸಬಹುದಾದವು. ಕಬ್ಬಿನ ಸಸಿಗೆ ಐವತ್ತು ಕುಳಿಯ ಪ್ರೋಟ್ರೇ ಸಾಕು, ಇಪ್ಪತ್ತೈದು ಮೂವತ್ತು ದಿನಕ್ಕೆ ಸಸಿ ಗದ್ದೆಗೆ ಹೋಗುತ್ತದೆ. ಪರದೆಯ ಮನೆಯನ್ನು ಕಬ್ಬಿಗೆ ಮಾತ್ರ ಎಂದು ತಗ್ಗಾಗಿ ಕಟ್ಟದೆ, ಟೊಮೆಟೊ ಬದನೆ ಸಸಿಗೂ ಹಿಪ್ಪುನೇರಳೆ ಕಡ್ಡಿಗೂ ಒದಗುವಷ್ಟು ಎತ್ತರಕ್ಕೆ, ಹನಿ ಮತ್ತು ತುಂತುರು ಎರಡೂ ಇರುವಂತೆ ಕಟ್ಟಿದರೆ ಖರ್ಚು ಸ್ವಲ್ಪ ಏರುತ್ತದೆ, ಆದರೆ ಕಬ್ಬು ಕೈಕೊಟ್ಟರೂ ಆ ಮನೆ ಕೆಲಸಕ್ಕೆ ಬರುತ್ತದೆ. ಮಳವಳ್ಳಿ ತಾಲ್ಲೂಕಿನಲ್ಲಿ ರೇಷ್ಮೆ ಇದೆ, ಕಬ್ಬಿನಷ್ಟು ನೀರು ಕುಡಿಯದ ಹಿಪ್ಪುನೇರಳೆ ಬರದ ವರ್ಷವೂ ಬದುಕುತ್ತದೆ.

ಈಗ ಪುಟ ಪರೀಕ್ಷೆಗೆ ಬಂದ ಬಗೆ ನೋಡಿ. 2023ರಲ್ಲಿ ಮುಂಗಾರು ಕೈಕೊಟ್ಟಿತು. ಆಗಸ್ಟ್ ಮುಗಿಯುವ ಹೊತ್ತಿಗೆ ಕೆಆರ್‌ಎಸ್ ಮಟ್ಟ 110 ಅಡಿಗಿಂತ ಎಷ್ಟೋ ಕೆಳಗಿತ್ತು, ಸೆಪ್ಟೆಂಬರ್‌ನಲ್ಲಿ 100ಕ್ಕಿಂತಲೂ ಇಳಿಯಿತು. ತಮಿಳುನಾಡಿಗೆ ನೀರು ಬಿಡಬೇಕೆಂಬ ಆದೇಶ, ಮಂಡ್ಯದಲ್ಲಿ ಧರಣಿ, ಬಂದ್. ಆಗ ಅವಳ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು ಎಂದು ಊಹಿಸುವುದು ಕಷ್ಟವಲ್ಲ: ಇದೆಲ್ಲ ಬೇಡ, ಬೆಂಗಳೂರಿಗೆ ಹೋಗು. ಪುಟ ಮಾತ್ರ ಬೇರೆಯದನ್ನು ಹೇಳುತ್ತಿತ್ತು. ಗುರುತು ಬಡಿದಿದೆ, ಅದಕ್ಕೆ ಬರೆದ ಕೆಲಸ ಅರ್ಧ ಸಸಿ ಹಾಕುವುದು. ಹತ್ತರಲ್ಲಿ ಎರಡು ಕೆಟ್ಟ ವರ್ಷ ಎಂದು ಮೊದಲೇ ಎಣಿಸಿದ್ದಾಗಿದೆ, ಇದು ಮೊದಲನೆಯದು. ನಂಬಿಕೆ ಮುರಿದಿಲ್ಲ. 2024ರ ಜುಲೈ ಕೊನೆಗೆ ಜಲಾಶಯ 124 ಅಡಿ ಮುಟ್ಟಿತು.

ಪರಿಸ್ಥಿತಿ ಬದಲಾದಾಗ ಪುಟ ತಿದ್ದಿ ಎನ್ನುವವರು ಸಾಮಾನ್ಯವಾಗಿ ಇಲ್ಲಿ ಎಡವುತ್ತಾರೆ ಎಂದು ನನಗನ್ನಿಸುತ್ತದೆ. ಸದ್ದು ಮಾಡುವ ಬದಲಾವಣೆ ದೊಡ್ಡದಾಗಿ ಕಾಣುತ್ತದೆ. ಬಂದ್ ದಿನ ಬರೆದ ಪುಟವೂ ಬಾಗಿನದ ದಿನ ಬರೆದ ಪುಟವೂ ಒಂದೇ ತೆರನಾಗಿ ಹಾಳು. ತಿದ್ದುವ ಮುನ್ನ ಕೇಳಬೇಕಾದದ್ದು ಒಂದೇ: ಐದರಲ್ಲಿ ಯಾವ ಸಾಲು ಸುಳ್ಳಾಯಿತು? ಒಂದನ್ನೂ ಬೆರಳಿಟ್ಟು ತೋರಿಸಲಾಗದಿದ್ದರೆ ಅಂದು ಬದಲಾಗಿರುವುದು ಮನಸ್ಸು. ಅದೂ ಮುಖ್ಯ, ಆದರೆ ಅದಕ್ಕೆ ಐದನೆಯ ಸಾಲಿದೆ, ಅದನ್ನು ನೋಡಲು ವರ್ಷದಲ್ಲಿ ಗೊತ್ತಾದ ದಿನವಿದೆ.

ಅವಳ ಪುಟ ನಿಜವಾಗಿ ಮುರಿದದ್ದು ಸದ್ದಿಲ್ಲದ ಕಡೆ. ನೀರು ತುಂಬಿದ ವರ್ಷದ ನಂತರದ ಸಂಕ್ರಾಂತಿ, 2025. ಮೂವತ್ತು ಫೋನುಗಳಲ್ಲಿ ಹತ್ತೊಂಬತ್ತು ಮಂದಿ ಮೂರನೇ ಕೂಳೆ ದಾಟಿದ್ದರು. ಬರದ ಸಾಲ ತೀರಿರಲಿಲ್ಲ. ಹೊಸದಾಗಿ ಉಳುಮೆ ಮಾಡಿ, ಸಸಿ ಕೊಂಡು, ಆಳು ಹಿಡಿದು ನೆಡುವ ಬದಲು ಇಳುವರಿ ಸ್ವಲ್ಪ ಕಡಿಮೆಯಾದರೂ ಹಳೆಯದನ್ನೇ ಎಳೆಯೋಣ ಎಂದುಕೊಂಡಿದ್ದರು. ಟನ್ನಿಗೆ ಕೇಂದ್ರದ ನ್ಯಾಯಸಮ್ಮತ ದರ 3,150ರಿಂದ 3,400 ರೂಪಾಯಿಗೆ ಏರಿದ್ದು ಕೂಡ ಹೊಸ ನಾಟಿಗೆ ಧೈರ್ಯ ತುಂಬಲಿಲ್ಲ, ಕಡಿಯುವ ಕೂಲಿಯೂ ಜೊತೆಗೇ ಏರಿತ್ತು. ಅವಳ ಗಿರಾಕಿಗಳ ಗದ್ದೆ 500 ಎಕರೆ. ಐದು ವರ್ಷಕ್ಕೊಮ್ಮೆ ನಾಟಿ ಎಂದರೆ ವರ್ಷಕ್ಕೆ 100 ಎಕರೆ, ನಾಲ್ಕೂವರೆ ಲಕ್ಷ ಸಸಿ. 60 ಪೈಸೆಯಂತೆ 2 ಲಕ್ಷ 70 ಸಾವಿರ, ತಿಂಗಳಿಗೆ 22,500. ಪುಟ ಹೇಳುತ್ತಿದ್ದ ನಲವತ್ತು ಸಾವಿರಕ್ಕೂ ಇದಕ್ಕೂ ಇರುವ ಅಂತರ ಇನ್ನೂ ಕಷ್ಟಪಟ್ಟರೆ ತುಂಬುವಂಥದಲ್ಲ.

ಸದ್ದಿಗೆ ಬೆದರಿ ಪುಟ ತಿದ್ದುವುದು ಒಂದು ಅಪಾಯವಾದರೆ, ಮುರಿದ ಪುಟವನ್ನೂ ಬಿಡದಿರುವುದು ಎರಡನೆಯದು. ಕೊಂಡ ಟಿಕೆಟ್ಟಿನ ಹಣ ಹೋಗುತ್ತದೆಂದು ಬೇಡದ ನಾಟಕಕ್ಕೂ ಹೋಗಿ ಕೂರುವುದನ್ನು ಹ್ಯಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ 1985ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಮೂರು ವರ್ಷ ದುಡಿದು, ಸಾಲ ಮಾಡಿ, ಊರಲ್ಲಿ ‘ಕಬ್ಬಿನ ಸಸಿಯವಳು’ ಎಂದು ಹೆಸರಾದ ಮೇಲೆ ಎಂಟು ಲಕ್ಷವನ್ನೇ ಹಿಡಿದು ಕೂರುವುದು ಸಹಜ. ಮುಂಚೆಯೇ ಬರೆದ ‘ಅರ್ಧಕ್ಕಿಂತ ಹೆಚ್ಚು’ ಎಂಬ ಅಂಕಿ ಈ ಹಟದ ಎದುರು ಒಂದಿಷ್ಟು ಬಲ ಕೊಡುತ್ತದೆ. ಸೋಲನ್ನು ಒಪ್ಪಿಕೊಳ್ಳಬೇಕಾದ ದಿನ ಅಂಕಿ ಗೊತ್ತುಮಾಡಲು ಹೊರಟರೆ ಅಂಕಿ ಜರುಗುತ್ತಲೇ ಇರುತ್ತದೆ.

ಎರಡನೆಯ ಹಾಳೆ, 2025ರ ಫೆಬ್ರವರಿ. ಕಾಲ ಹತ್ತು ವರ್ಷವೇ, ಈಗ 2035ಕ್ಕೆ. ಕಬ್ಬಿನ ಸಸಿ ನಾಲ್ಕೂವರೆ ಲಕ್ಷಕ್ಕೆ ಇಳಿದಿದೆ. ಖಾಲಿಯಾದ ಜಾಗಕ್ಕೆ ತರಕಾರಿ ಸಸಿ ಐದು ಲಕ್ಷ, ಒಂದಕ್ಕೆ 25 ಪೈಸೆ ಉಳಿದರೆ 1 ಲಕ್ಷ 25 ಸಾವಿರ. ಹಿಪ್ಪುನೇರಳೆ ಸಸಿ ನಲವತ್ತು ಸಾವಿರ, ಎರಡು ರೂಪಾಯಿಯಂತೆ 80 ಸಾವಿರ. ಒಟ್ಟು 4 ಲಕ್ಷ 75 ಸಾವಿರ. ಮೂರು ತಾಲ್ಲೂಕಿನವರು ಕೇಳಿಕೊಂಡು ಬರಬೇಕು ಎಂಬ ಆಸೆ ಹಾಗೇ ಇದೆ, ‘ಕಬ್ಬಿನ’ ಎಂಬ ಪದ ಮಾತ್ರ ಹೋಗಿದೆ. ಔಷಧಿ ಕಂಪನಿಯ ಶಪಥವೂ ಹೋಗಿದೆ: ತರಕಾರಿ ಬೆಳೆಗಾರರ ಪರಿಚಯವಾಗಲು ಎರಡು ವರ್ಷ ಅಂಥದೊಂದು ಕೆಲಸ ಮಾಡಿದರೂ ಆದೀತು ಎಂದು ಈಗ ಅವಳಿಗೆ ಅನ್ನಿಸುತ್ತಿದೆ.

ನಂಬಿಕೆಗಳ ಪಟ್ಟಿಯೂ ಬದಲಾಗಿದೆ. ಕೂಳೆಯ ಸಾಲು ಹೋಯಿತು, ಐದು ವರ್ಷವೆಂದೇ ಲೆಕ್ಕ ಹಿಡಿದ ಮೇಲೆ ಅದು ಅಷ್ಟು ಭಾರ ಹೊರುವುದಿಲ್ಲ. ಅದರ ಜಾಗಕ್ಕೆ ಬೋರ್‌ವೆಲ್ ಬಂತು: ತರಕಾರಿ ಸಸಿಗೆ ಬೇಸಿಗೆಯಲ್ಲೂ ದಿನಾ ನೀರು ಬೇಕು, ನಾಲೆ ಕಟ್ಟು ಪದ್ಧತಿಯಲ್ಲಿ ಹರಿಯುವಾಗ ಮಧ್ಯದ ದಿನಗಳಿಗೆ ಬೇರೆ ದಾರಿಯಿಲ್ಲ. ಗುರುತು, ಏಪ್ರಿಲ್‌ನಲ್ಲಿ ಮೋಟಾರು ಎಷ್ಟು ಗಂಟೆ ನೀರೆತ್ತುತ್ತದೆ ಎಂಬುದು. ರೇಷ್ಮೆಗೂಡಿನ ಬೆಲೆ ಇನ್ನೊಂದು ಸಾಲು, ರಾಮನಗರದ ಮಾರುಕಟ್ಟೆಯ ದರ ನೋಡಿದರೆ ತಿಳಿಯುತ್ತದೆ.

ಹತ್ತು ಗುಂಟೆಯ ಸಾಲಿಗೆ ಗುರುತು ಬರೆಯಲು ಎರಡು ಸಲವೂ ಆಗಲಿಲ್ಲ. ಪಹಣಿ ಅಪ್ಪನ ಹೆಸರಲ್ಲಿದೆ. 2005ರ ತಿದ್ದುಪಡಿಯಾದ ಮೇಲೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ ಎಂದು ಅವಳಿಗೆ ಗೊತ್ತು. ಅದನ್ನು ಬಾಯಿಬಿಟ್ಟು ಕೇಳಿದ ದಿನ ಮನೆಯಲ್ಲಿ ಏನಾಗುತ್ತದೆ ಎಂಬುದೂ ಗೊತ್ತು. ಮದುವೆಯ ಮಾತು ಶುರುವಾಗಿದೆ, ಗಂಡು ಮದ್ದೂರಿನವನೋ ಬೆಂಗಳೂರಿನವನೋ ತಿಳಿಯದು. ನಂಬಿಕೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಭಾರ ಹೊತ್ತದ್ದು ಇದು, ಅಳೆಯಲು ಬಾರದ್ದೂ ಇದೇ. ಎರಡನೆಯ ಹಾಳೆಯಲ್ಲಿ ಅದರ ಮುಂದೆ ಅವಳು ಗುರುತಿನ ಬದಲು ಒಂದು ಕೆಲಸವನ್ನೂ ಒಂದು ತಾರೀಖನ್ನೂ ಬರೆದಿದ್ದಾಳೆ: ಯುಗಾದಿಯೊಳಗೆ ಅಪ್ಪ, ಅಣ್ಣ ಇಬ್ಬರನ್ನೂ ಕೂರಿಸಿಕೊಂಡು ಹಿತ್ತಲ ಜಾಗ ಹತ್ತು ವರ್ಷ ತನ್ನ ಕೈಲಿರುವಂತೆ ಮಾತು ಮುಗಿಸಿ ಬರವಣಿಗೆಯಲ್ಲಿ ಇಡುವುದು.